ಒಂದು ಕುರ್ಚಿ, ನಾಲ್ಕು ಹುದ್ದೆ

“ಅಕೌಂಟ್ಸ್ ಎಕ್ಸಿಕ್ಯೂಟಿವ್ ಬೇಕಾಗಿದ್ದಾರೆ. ಬಿ.ಕಾಂ., ಅನುಭವ 0–2 ವರ್ಷ. ಟ್ಯಾಲಿ ಎಂಟ್ರಿ, ಜಿಎಸ್‌ಟಿ, ಟಿಡಿಎಸ್, ಪಿಎಫ್, ಇಎಸ್‌ಐ, ಸಂಬಳದ ಪಟ್ಟಿ, ಇನ್‌ವಾಯ್ಸ್, ಇ-ವೇ ಬಿಲ್, ಪರ್ಚೇಸ್ ಫಾಲೋಅಪ್, ಪೇಮೆಂಟ್ ಕಲೆಕ್ಷನ್, ನೇಮಕಾತಿ ಹಾಗೂ ಫ್ರಂಟ್ ಆಫೀಸ್ ನೋಡಿಕೊಳ್ಳಬೇಕು. ಸ್ವಂತ ದ್ವಿಚಕ್ರ ವಾಹನ ಇರಬೇಕು. ಸಂಬಳ 18,000.”

ಪೀಣ್ಯ, ಬೊಮ್ಮಸಂದ್ರ ಕಡೆಯ ಸಣ್ಣ ಕಾರ್ಖಾನೆಗಳು ಕೊಡುವ ಜಾಹೀರಾತುಗಳ ತುಣುಕುಗಳನ್ನು ಸೇರಿಸಿ ನಾನು ಕಟ್ಟಿದ ಮಾದರಿ ಇದು. ಆದರೆ ಹೊಸದಾಗಿ ಬಿ.ಕಾಂ. ಮುಗಿಸಿ ಕೆಲಸ ಹುಡುಕುತ್ತಿರುವ ಯಾರಿಗೂ ಇದು ಅಪರಿಚಿತ ಅನಿಸಲಾರದು. ಓದಿದೊಡನೆ ಎದೆ ಧಸಕ್ಕೆನ್ನುತ್ತದೆ. ಮರುಕ್ಷಣವೇ “ಎಲ್ಲಾ ಕಡೆ ಹೀಗೇ ಇರುತ್ತೆ, ಅನುಭವ ಆದರೂ ಸಿಗುತ್ತೆ” ಎಂಬ ಸಮಾಧಾನವೂ ಬರುತ್ತದೆ. ಎರಡನ್ನೂ ಬದಿಗಿಟ್ಟು ಒಂದು ಹಾಳೆ, ಪೆನ್ನು ತೆಗೆದುಕೊಂಡರೆ ವಿಷಯ ಬೇಗ ಬಯಲಾಗುತ್ತದೆ.

ಪಟ್ಟಿ ಉದ್ದವಾಗಿದೆ ಎಂದ ಮಾತ್ರಕ್ಕೆ ಜಾಹೀರಾತು ಕೆಟ್ಟದ್ದಲ್ಲ. ಟ್ಯಾಲಿ, ಜಿಎಸ್‌ಟಿ, ಟಿಡಿಎಸ್ ಎಂದು ಮೂರು ಹೆಸರಿದ್ದರೂ ಅದು ಒಂದೇ ಕೆಲಸದ ಸರಣಿ. ಎಂಟ್ರಿ ಸರಿಯಾಗಿದ್ದರೆ ರಿಟರ್ನ್‌ನ ಅರ್ಧ ಕೆಲಸ ಮುಗಿದಂತೆ. ಬೇರೆ ಬೇರೆ ಹುದ್ದೆಗಳನ್ನು ಗುರುತಿಸಬೇಕಾದರೆ ಪ್ರತಿ ಸಾಲಿಗೂ ಒಂದು ಪ್ರಶ್ನೆ ಹಾಕಬೇಕು: ಈ ಕೆಲಸದ ಸಮಯವನ್ನು ನಿರ್ಧರಿಸುವವರು ಯಾರು? ಸಂಬಳದ ಪಟ್ಟಿಯನ್ನು ಬೆಳಿಗ್ಗೆ ಮಾಡಬೇಕೋ ಸಂಜೆ ಮಾಡಬೇಕೋ ಎಂದು ನೀವೇ ತೀರ್ಮಾನಿಸಬಹುದು. ಫ್ರಂಟ್ ಆಫೀಸ್‌ನಲ್ಲಿ ಹಾಗಲ್ಲ, ಫೋನ್ ಬಾರಿಸಿದಾಗ ಎತ್ತಬೇಕು, ಬಂದವರನ್ನು ಮಾತಾಡಿಸಬೇಕು. ಇ-ವೇ ಬಿಲ್ ಕೂಡ ಅದೇ ಜಾತಿಗೆ ಸೇರಿದ್ದು. ಸಾಮಾನ್ಯವಾಗಿ 50,000 ರೂಪಾಯಿ ಮೀರಿದ ಸರಕು ಅದಿಲ್ಲದೆ ಗೇಟು ದಾಟುವಂತಿಲ್ಲ, ಲಾರಿ ಲೋಡಾಗಿ ನಿಂತ ಮೇಲೆ ಡ್ರೈವರ್ ಕಾಯುವುದೂ ಇಲ್ಲ. ತಲೆ ತಗ್ಗಿಸಿ ಕೂತು ಮಾಡುವ ಕೆಲಸವನ್ನೂ ಕರೆದಾಗ ಏಳಬೇಕಾದ ಕೆಲಸವನ್ನೂ ಒಬ್ಬರಿಗೇ ಕೊಟ್ಟರೆ ಮೊದಲನೆಯದು ಆಫೀಸ್ ಖಾಲಿಯಾದ ಮೇಲೆ, ರಾತ್ರಿ ಏಳರ ನಂತರ ನಡೆಯುತ್ತದೆ.

ಈಗ ಲೆಕ್ಕ. ನಲವತ್ತು ಕಾರ್ಮಿಕರಿರುವ, ತಿಂಗಳಿಗೆ ಖರೀದಿ ಮಾರಾಟ ಸೇರಿ 350 ಬಿಲ್ ಆಗುವ ಒಂದು ಘಟಕ ಎಂದುಕೊಳ್ಳಿ. ದಿನಕ್ಕೆ 8 ಗಂಟೆ, ತಿಂಗಳಿಗೆ 26 ದಿನ, ಒಟ್ಟು 208 ಗಂಟೆ. ಮೊದಲು, ದಿನವೂ ತಪ್ಪದೆ ಬರುವ ಕೆಲಸಗಳನ್ನು ಬರೆಯೋಣ. ಇನ್‌ವಾಯ್ಸ್, ಇ-ವೇ ಬಿಲ್‌ಗೆ 2 ಗಂಟೆ, ಫ್ರಂಟ್ ಆಫೀಸ್‌ಗೆ ಒಟ್ಟಾರೆ 2, ಮಾಲು ಕೊಡುವವರ ಬೆನ್ನು ಹತ್ತುವುದಕ್ಕೆ ಒಂದೂವರೆ, ಬಾಕಿ ವಸೂಲಿಯ ಫೋನುಗಳಿಗೆ 1. ಇಷ್ಟಕ್ಕೇ ಆರೂವರೆ ಗಂಟೆ ಹೋಯಿತು. ಉಳಿದದ್ದು ದಿನಕ್ಕೆ ಒಂದೂವರೆ, ತಿಂಗಳಿಗೆ 39 ಗಂಟೆ. ಜಾಹೀರಾತಿನ ತಲೆಬರಹದಲ್ಲಿರುವ ಅಕೌಂಟ್ಸ್ ಕೆಲಸ ಇನ್ನೂ ಶುರುವೇ ಆಗಿಲ್ಲ, ನೆನಪಿರಲಿ.

ಬಿಲ್ಲೊಂದಕ್ಕೆ ಆರು ನಿಮಿಷ ಹಿಡಿದರೂ ಎಂಟ್ರಿಗೆ 35 ಗಂಟೆ ಬೇಕು. ಬ್ಯಾಂಕ್ ಮತ್ತು ಜಿಎಸ್‌ಟಿ ತಾಳೆ ನೋಡಲು 20, ಹಾಜರಿ, ಸಂಬಳ, ಪಿಎಫ್, ಇಎಸ್‌ಐ ಎಲ್ಲಾ ಸೇರಿ 20, ನೇಮಕಾತಿಗೆ ಇನ್ನು 20. ಒಟ್ಟು 95 ಗಂಟೆಯ ಕೆಲಸ, ಕೈಯಲ್ಲಿರುವುದು 39. ಇವು ನನ್ನ ಅಂದಾಜು, ನಿಮ್ಮ ಅಂಕಿ ಬೇರೆ ಇರಬಹುದು. ಆದರೆ 56 ಗಂಟೆಯ ಕೊರತೆ ಚುರುಕುತನದಿಂದ ತುಂಬುವಂಥದ್ದಲ್ಲ. ದಿನಾಲೂ ಎರಡು ಗಂಟೆಗೂ ಹೆಚ್ಚು ಹೊತ್ತು ಉಚಿತವಾಗಿ ಕೂತರೆ ಮಾತ್ರ ತುಂಬುತ್ತದೆ. ಹಾಗೆ ಕೂತಾಗ ಗಂಟೆಗೆ ಸುಮಾರು 86 ರೂಪಾಯಿ ಇದ್ದ ಸಂಬಳ 68ಕ್ಕೆ ಇಳಿಯುತ್ತದೆ. ಆ 18,000ದೊಳಗೆ ಮಾಲೀಕರು ಕಟ್ಟಬೇಕಾದ ಪಿಎಫ್ ಪಾಲನ್ನೂ ಸೇರಿಸಿದ್ದರೆ ಕೈಗೆ ಬರುವುದು ಇನ್ನೂ ಕಡಿಮೆ.

ಗಂಟೆಗಳ ಜೊತೆ ತಾರೀಕುಗಳನ್ನೂ ನೋಡಬೇಕು. ತಿಂಗಳು ತಿಂಗಳು ರಿಟರ್ನ್ ಸಲ್ಲಿಸುವ ಘಟಕವಾದರೆ, ಟಿಡಿಎಸ್ ಸಾಮಾನ್ಯವಾಗಿ 7ಕ್ಕೆ ಕಟ್ಟಬೇಕು. ಸಂಬಳವೂ ಅಷ್ಟರೊಳಗೇ ಆಗಬೇಕು. ಜಿಎಸ್‌ಟಿಆರ್-1 11ಕ್ಕೆ, ಪಿಎಫ್ ಮತ್ತು ಇಎಸ್‌ಐ 15ಕ್ಕೆ, ಜಿಎಸ್‌ಟಿಆರ್-3ಬಿ 20ಕ್ಕೆ. ಅಂದರೆ ತಿಂಗಳ ಮೊದಲ ಮೂರು ವಾರದಲ್ಲಿ ಉಸಿರಾಡಲು ಬಿಡುವಿಲ್ಲ. ಇವುಗಳಲ್ಲಿ ಒಂದು ತಪ್ಪಿದರೂ ದಂಡವೋ ಬಡ್ಡಿಯೋ ಬೀಳುತ್ತದೆ, ಬೈಗುಳ ಕೇಳುವವರು ಯಾರೆಂದು ಹೇಳಬೇಕಿಲ್ಲ.

ಇದಕ್ಕಿಂತ ದೊಡ್ಡ ಅಪಾಯ ಒಂದಿದೆ, ಅದು ಸಂಬಳದ ಮಾತೇ ಅಲ್ಲ. ಇದೇ ಪಟ್ಟಿಯನ್ನು ಇನ್ನೊಮ್ಮೆ ಓದಿ: ಮಾಲಿಗೆ ಆರ್ಡರ್ ಕೊಡುವವರು, ಬಂದ ಬಿಲ್ಲನ್ನು ಪುಸ್ತಕಕ್ಕೆ ಏರಿಸುವವರು, ವಸೂಲಾದ ಹಣದ ಲೆಕ್ಕ ಇಡುವವರು, ಎಲ್ಲರೂ ಒಬ್ಬರೇ. ಈ ಕೈಗಳು ಬೇರೆ ಬೇರೆ ಇರಬೇಕು ಎನ್ನುವುದು ಲೆಕ್ಕಪರಿಶೋಧನೆಯ ಹಳೆಯ ನಿಯಮ. ಮೋಸ ತಡೆಯುವುದಷ್ಟೇ ಅದರ ಉದ್ದೇಶವಲ್ಲ, ಪ್ರಾಮಾಣಿಕರನ್ನು ಕಾಪಾಡುವುದೂ ಹೌದು. ಎಲ್ಲಾ ಹಂತದಲ್ಲೂ ನಿಮ್ಮದೇ ಹೆಸರಿದ್ದರೆ, ನಾಳೆ ಹತ್ತು ಸಾವಿರ ತಾಳೆಯಾಗದಿದ್ದಾಗ ನೀವು ತೆಗೆದುಕೊಂಡಿಲ್ಲ ಎಂದು ತೋರಿಸುವ ಎರಡನೆಯ ದಾಖಲೆಯೇ ಇರುವುದಿಲ್ಲ. ಹೊಸಬರಿಗೆ ಈ ಅಪಾಯ ಕಾಣುವುದಿಲ್ಲ. “ನಂಬಿಕೆಯಿಂದ ಎಲ್ಲಾ ನಿಮ್ಮ ಕೈಗೇ ಕೊಡ್ತಿದ್ದೀವಿ” ಎಂಬ ಮಾತು ಕಿವಿಗೆ ಹಿತವಾಗಿಯೇ ಇರುತ್ತದೆ.

ಕಾನೂನು ನೆರವಿಗೆ ಬರುತ್ತದೆಯೇ? ತುಸು ಮಾತ್ರ. ಒಬ್ಬ ಕಾರ್ಮಿಕ ಬೇರೆ ಬೇರೆ ಕನಿಷ್ಠ ವೇತನ ದರದ ಕೆಲಸಗಳನ್ನು ಮಾಡಿದರೆ, ಆಯಾ ಕೆಲಸಕ್ಕೆ ಹಿಡಿದ ಸಮಯಕ್ಕೆ ಆಯಾ ದರಕ್ಕಿಂತ ಕಡಿಮೆ ಕೊಡುವಂತಿಲ್ಲ ಎಂದು 1948ರ ಕನಿಷ್ಠ ವೇತನ ಕಾಯ್ದೆ ಹೇಳಿತ್ತು. 2019ರ ವೇತನ ಸಂಹಿತೆಯೂ ಅದನ್ನು ಉಳಿಸಿಕೊಂಡಿದೆ. ಆದರೆ ಸಂಬಳ ಆ ದರಗಳನ್ನು ದಾಟಿದ್ದರೆ ಒಬ್ಬರಿಗೆ ಎಷ್ಟು ಬಗೆಯ ಕೆಲಸ ಹೊರಿಸಬಹುದು ಎಂಬುದಕ್ಕೆ ಅಲ್ಲಿ ಮಿತಿಯಿಲ್ಲ. ದುಡಿಮೆಯ ಗಂಟೆಗಳಿಗೆ ಮಿತಿ ಇದೆ, ಹೆಚ್ಚು ಹೊತ್ತಿಗೆ ದುಪ್ಪಟ್ಟು ದರವೂ ಇದೆ. ರಾತ್ರಿ ಕೂತದ್ದಕ್ಕೆ ಹಾಜರಿ ಪುಸ್ತಕದಲ್ಲಿ ಗುರುತೇ ಇಲ್ಲದಿದ್ದಾಗ ಅದನ್ನು ಕೇಳುವುದು ಕಷ್ಟ.

ಹಾಗೆಂದು ಜಾಹೀರಾತು ನೋಡಿಯೇ ಕೈಬಿಡಬೇಕಿಲ್ಲ. ಸಣ್ಣ ಘಟಕಗಳಲ್ಲಿ ಒಬ್ಬರೇ ಮೂರು ಕೆಲಸ ನೋಡುವುದು ಸಹಜ. ಎಂಟು ಜನರ ವರ್ಕ್‌ಶಾಪಿನಲ್ಲಿ ತಿಂಗಳಿಗೆ ಮೂವತ್ತು ಬಿಲ್ ಆಗುವುದಾದರೆ ಇದೇ ಪಟ್ಟಿ ಆರಾಮಾಗಿ ಮುಗಿಯುತ್ತದೆ. ಜಾಹೀರಾತು ಕೆಲಸಗಳ ಹೆಸರು ಹೇಳುತ್ತದೆ, ಪ್ರಮಾಣ ಹೇಳುವುದಿಲ್ಲ. ಅದನ್ನು ಸಂದರ್ಶನದಲ್ಲಿ ಕೇಳಬೇಕು: “ಸರ್, ತಿಂಗಳಿಗೆ ಎಷ್ಟು ಬಿಲ್ ಆಗುತ್ತೆ? ರಿಟರ್ನ್ ಫೈಲ್ ಮಾಡೋದು ಆಡಿಟರ್ ಆಫೀಸಿನವರಾ, ನಾನಾ? ಬ್ಯಾಂಕ್ ಪೇಮೆಂಟ್‌ಗೆ ಅಪ್ರೂವಲ್ ಯಾರದ್ದು? ಇಲ್ಲೀವರೆಗೂ ಈ ಕೆಲಸಗಳನ್ನ ಎಷ್ಟು ಜನ ಮಾಡ್ತಿದ್ರು?” ಅನೇಕ ಕಡೆ ರಿಟರ್ನ್ ಸಲ್ಲಿಸುವುದು ಹೊರಗಿನ ಆಡಿಟರ್ ಆಫೀಸು, ಒಳಗಿನವರು ಮಾಹಿತಿ ಸಿದ್ಧಮಾಡಿ ಕೊಟ್ಟರೆ ಸಾಕು. ಆಗ ಹೊರೆ ಅರ್ಧ ಇಳಿಯುತ್ತದೆ. ಕೊನೆಯ ಪ್ರಶ್ನೆಗೆ “ಮೂರು ಜನ ಇದ್ರು, ಇಬ್ಬರು ಬಿಟ್ಟುಹೋದ್ರು” ಎಂಬ ಉತ್ತರ ಬಂದರೆ, ಖಾಲಿಯಾದ ಆ ಎರಡು ಸಂಬಳ ಎಲ್ಲಿ ಹೋಯಿತೆಂದು ಜಾಹೀರಾತೇ ಹೇಳುತ್ತಿದೆ.

ಬರೀ ಸಂಬಳ ಏರಿಸಿ ಎಂದು ಕೇಳುವುದಕ್ಕಿಂತ, ಯಾವ ಸಾಲು ತೆಗೆಯಬಹುದು ಎಂದು ಕೇಳುವುದು ಲೇಸು. ನಮ್ಮ ಮಾದರಿಯಿಂದ ಫ್ರಂಟ್ ಆಫೀಸ್ ಮತ್ತು ಪರ್ಚೇಸ್ ಎರಡನ್ನು ಹೊಡೆದುಹಾಕಿ ನೋಡಿ. ದಿನನಿತ್ಯದ ಹೊರೆ ಮೂರು ಗಂಟೆಗೆ ಇಳಿಯುತ್ತದೆ, ಉಳಿದ ಐದು ಗಂಟೆಗಳು ತಿಂಗಳಿಗೆ 130 ಆಗುತ್ತವೆ, 95 ಗಂಟೆಯ ಲೆಕ್ಕದ ಕೆಲಸ ಅದರಲ್ಲಿ ಕೂರುತ್ತದೆ. ಆರ್ಡರ್ ಕೊಡುವ ಕೈ ಬೇರೆ, ಬಿಲ್ ಏರಿಸುವ ಕೈ ಬೇರೆ ಎಂದೂ ಆಯಿತು. ಇಷ್ಟಕ್ಕೆ ಮಾಲೀಕರು ಒಪ್ಪಿ ನೇಮಕಾತಿ ಪತ್ರದಲ್ಲಿ ಬರೆದುಕೊಟ್ಟರೆ, 18,000 ಕಡಿಮೆಯೇ ಆದರೂ ಹೊಸಬರು ಒಂದು ವರ್ಷ ಕಲಿಯಬಹುದಾದ ಕೆಲಸ ಅದು. “ಬನ್ನಿ, ಸೇರ್ಕೊಳ್ಳಿ, ಆಮೇಲೆ ಅಡ್ಜಸ್ಟ್ ಮಾಡೋಣ” ಅಂದರೆ ಅಡ್ಜಸ್ಟ್ ಆಗುವುದು ನಿಮ್ಮ ಆ 56 ಗಂಟೆಗಳೇ.