ಪ್ರಜ್ಞೆ ತಪ್ಪಿದವರ ಕತ್ತಿನ ಪಟ್ಟಿ ಬಿಚ್ಚುವುದು ಯಾವಾಗ?

ಬೈಕಿನಿಂದ ಬಿದ್ದವರು ಎಚ್ಚರವಾಗಿದ್ದರೆ ವೈದ್ಯರು ಕತ್ತಿನ ನಡುವೆ ಒತ್ತಿ ನೋಡುತ್ತಾರೆ, ಕೈಕಾಲಿನ ಶಕ್ತಿ ಪರೀಕ್ಷಿಸುತ್ತಾರೆ. ‘ನೆಕ್ಸಸ್’ ನಿಯಮದ ಐದು ಅಂಶಗಳೂ ಸರಿಯಿದ್ದರೆ ಸ್ಕ್ಯಾನ್ ಬೇಡ. ಆದರೆ ಪೂರ್ಣ ಎಚ್ಚರವಿರಬೇಕೆಂಬುದೇ ಆ ಐದರಲ್ಲೊಂದು. ಆದ್ದರಿಂದ ಪ್ರಜ್ಞೆಯಿಲ್ಲದವರಿಗೆ ಸಿ.ಟಿ. ಸ್ಕ್ಯಾನ್ ಬೇಕೇ ಬೇಕು. ಎಕ್ಸ್-ರೇಯಲ್ಲಿ ಕತ್ತಿನ ಕೆಳಭಾಗವನ್ನು ಭುಜಗಳು ಮರೆಮಾಡುವುದರಿಂದ ಮುರಿತ ತಪ್ಪಿಹೋಗಬಹುದು.

ವೆಂಟಿಲೇಟರ್‌ನಲ್ಲಿರುವ ಯುವಕನೊಬ್ಬನ ಸಿ.ಟಿ. ಸರಿಯಿದೆ ಎನ್ನೋಣ. ಅಸ್ಥಿರಜ್ಜು ಹರಿದಿರಬಹುದೆಂಬ ಅಂಜಿಕೆಯಿಂದ ಎಚ್ಚರವಾಗುವವರೆಗೂ ಪಟ್ಟಿ ಬಿಡುವುದುಂಟು. ದಿನಗಟ್ಟಲೆ ಬಿಟ್ಟರೆ ಗದ್ದ, ಹಿಂದಲೆಯಲ್ಲಿ ಒತ್ತುಹುಣ್ಣಾಗುತ್ತದೆ. ಕತ್ತಿನ ರಕ್ತನಾಳ ಅದುಮಿ ಮಿದುಳಿನ ಒತ್ತಡ ಏರುತ್ತದೆ. ಹಾಗಾಗಿ ವಯಸ್ಕರಲ್ಲಿ ಉತ್ತಮ ಗುಣಮಟ್ಟದ ಸಿ.ಟಿ. ಸರಿಯಿದ್ದರೆ ಪಟ್ಟಿ ತೆಗೆಯಬಹುದೆಂದು ಅಮೆರಿಕದ ಈಸ್ಟ್ ಸಂಘ 2015ರಲ್ಲಿ ಸೂಚಿಸಿತು.

ಇದಕ್ಕೆ ಮಿತಿಗಳಿವೆ. ಸಿ.ಟಿ. ಸರಿಯಿದ್ದೂ ಕೈಕಾಲು ಆಡದಿದ್ದರೆ ಎಂ.ಆರ್.ಐ. ಬೇಕು. ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್‌ನಿಂದ ಬೆನ್ನುಮೂಳೆ ಬೆಸೆದುಕೊಂಡವರಿಗೆ ಸಣ್ಣ ಬೀಳುವಿಕೆಯಲ್ಲೂ ಕತ್ತು ಮುರಿಯಬಹುದು. ಅವರ ಬಾಗಿದ ಕತ್ತನ್ನು ಬಲವಂತವಾಗಿ ನೆಟ್ಟಗೆ ಮಾಡಿದರೆ ಬೆನ್ನುಹುರಿಗೇ ಪೆಟ್ಟು.

ನಿಮ್ಮವರಿಗೆ ಇಂಥ ಕಾಯಿಲೆಯಿದ್ದರೆ, ಬಿದ್ದ ಜಾಗದಲ್ಲಿ ಅವರು ಕೈಕಾಲು ಆಡಿಸಿದ್ದನ್ನು ಕಂಡಿದ್ದರೆ, ವೈದ್ಯರಿಗೆ ಮೊದಲೇ ಹೇಳಿ.