ಒಂದೇ ಸರ, ಮೂರು ಉತ್ತರ!
ಒರೆಗಲ್ಲು, ಆಮ್ಲ, ಎಕ್ಸ್-ರೇ ಯಂತ್ರ: ಚಿನ್ನದ ಪರೀಕ್ಷೆಯನ್ನು ಎಷ್ಟು ನಂಬಬಹುದು?

ಮಗಳ ಕಾಲೇಜು ಶುಲ್ಕ ಕಟ್ಟಲು ತಾಯಿಯ ಹಳೆಯ ಸರವನ್ನು ಮಾರಬೇಕಾಗಿದೆ ಎಂದಿಟ್ಟುಕೊಳ್ಳಿ. ತೂಕ 40 ಗ್ರಾಂ. ಕೊಂಡಾಗ ‘22 ಕ್ಯಾರಟ್’ ಎಂದಿದ್ದರು. ರಸೀದಿ ಎಲ್ಲೋ ಕಳೆದುಹೋಗಿದೆ. ಮೊದಲ ಅಂಗಡಿಯವರು ಸರವನ್ನು ಕಲ್ಲಿಗೆ ಉಜ್ಜಿ ನೋಡಿ, ‘22ಕ್ಕೆ ಚೂರು ಕಡಿಮೆ’ ಎಂದರು. ಎರಡನೆಯ ಅಂಗಡಿಯ ಯಂತ್ರ ಶೇ 91.8 ಎಂದು ತೋರಿಸಿತು. ಮೂರನೆಯ ಅಂಗಡಿಯಲ್ಲೂ ಅಂಥದೇ ಯಂತ್ರ. ಅಲ್ಲಿ ಬಂದದ್ದು ಶೇ 87.5!

ಯಾರು ಸುಳ್ಳು ಹೇಳುತ್ತಿದ್ದಾರೆ? ಯಾರೂ ಹೇಳದೇ ಇರಬಹುದು. ಆದರೆ ವ್ಯತ್ಯಾಸ ಸಣ್ಣದಲ್ಲ. ಅಪ್ಪಟ ಚಿನ್ನವೆಂದರೆ 24 ಕ್ಯಾರಟ್. 22 ಕ್ಯಾರಟ್ ಎಂದರೆ 24 ಭಾಗದಲ್ಲಿ 22 ಭಾಗ ಚಿನ್ನ, ಅಂದರೆ ಸುಮಾರು ಶೇ 91.6, ಉಳಿದದ್ದು ತಾಮ್ರ, ಬೆಳ್ಳಿ ಮೊದಲಾದವು. ಯಂತ್ರಗಳು ಕೊಟ್ಟ ಎರಡು ಅಂಕಿಗಳ ನಡುವೆ 4.3ರ ಅಂತರವಿದೆ. 40 ಗ್ರಾಂ ಸರದಲ್ಲಿ ಅದು 1.72 ಗ್ರಾಂ ಅಪ್ಪಟ ಚಿನ್ನಕ್ಕೆ ಸಮ. ಆ ಮೂರು ಉತ್ತರಗಳು ಹೇಗೆ ಹುಟ್ಟಿದವು ಎಂದು ನೋಡೋಣ.

ಕಲ್ಲು ಹೇಳುವುದು

ಒರೆಗಲ್ಲು ನುಣುಪಾದ, ಕಪ್ಪು ಬಣ್ಣದ ಗಟ್ಟಿ ಕಲ್ಲು. ಆಮ್ಲ ಅದನ್ನು ಕರಗಿಸುವುದಿಲ್ಲ. ಒಡವೆಯನ್ನು ಅದರ ಮೇಲೆ ಉಜ್ಜಿದರೆ ತೆಳುವಾದ ಹೊನ್ನಿನ ಗೆರೆ ಮೂಡುತ್ತದೆ. ಅದರ ಪಕ್ಕದಲ್ಲೇ, ಎಷ್ಟು ಕ್ಯಾರಟ್ ಎಂದು ಮೊದಲೇ ಗೊತ್ತಿರುವ ಕಡ್ಡಿಯಿಂದ ಇನ್ನೊಂದು ಗೆರೆ ಎಳೆಯುತ್ತಾರೆ. ಎರಡರ ಮೇಲೂ ಒಂದು ಹನಿ ಆಮ್ಲ ಸವರಿ, ಯಾವುದು ಎಷ್ಟು ಬೇಗ ಮಸುಕಾಗುತ್ತದೆ ಎಂದು ಹೋಲಿಸುತ್ತಾರೆ.

ನೈಟ್ರಿಕ್ ಆಮ್ಲ ತಾಮ್ರ, ಬೆಳ್ಳಿಗಳನ್ನು ಕರಗಿಸುತ್ತದೆ, ಚಿನ್ನವನ್ನು ಮುಟ್ಟುವುದಿಲ್ಲ. ಹಿತ್ತಾಳೆಯ ಗೆರೆ ಆ ಹನಿಗೆ ಕ್ಷಣದಲ್ಲಿ ಮಾಯವಾಗುತ್ತದೆ. ಆದರೆ ಚಿನ್ನದ ಅಂಶ ಹೆಚ್ಚಿದಂತೆ ತಾಮ್ರ, ಬೆಳ್ಳಿಗಳು ಅದರ ನಡುವೆ ಅವಿತುಕೊಳ್ಳುತ್ತವೆ. ಬರಿಯ ನೈಟ್ರಿಕ್ ಆಮ್ಲಕ್ಕೆ ಸಿಗುವುದಿಲ್ಲ. ಅದಕ್ಕಾಗಿ 18, 22 ಕ್ಯಾರಟ್ಟಿನ ಪರೀಕ್ಷೆಗೆ ಸ್ವಲ್ಪ ಹೈಡ್ರೋಕ್ಲೋರಿಕ್ ಆಮ್ಲ ಬೆರೆಸುತ್ತಾರೆ. ಈ ಮಿಶ್ರಣಕ್ಕೆ ಚಿನ್ನವೂ ನಿಧಾನವಾಗಿ ಕರಗುತ್ತದೆ. ಹಾಗಾಗಿ ಇಲ್ಲಿ ನೋಡುವುದು ‘ಕರಗಿತೇ?’ ಎಂದಲ್ಲ, ‘ಎಷ್ಟು ಬೇಗ ಕರಗಿತು?’ ಎಂದು.

ಇದನ್ನು ತೀರ್ಮಾನಿಸುವುದು ಕಣ್ಣು. ಅಂಗಡಿಯ ಬೆಳಕು, ಉಜ್ಜಿದ ಒತ್ತಡ, ಹಳತಾದ ಆಮ್ಲ, ಬೆರಕೆಯಲ್ಲಿ ತಾಮ್ರ ಹೆಚ್ಚೋ ಬೆಳ್ಳಿ ಹೆಚ್ಚೋ ಎಂಬುದು, ಎಲ್ಲವೂ ಗೆರೆಯ ಬಣ್ಣವನ್ನು ಬದಲಿಸುತ್ತವೆ. ನುರಿತ ಕೈಯಲ್ಲೂ ನೂರಕ್ಕೆ ಒಂದೆರಡು ಭಾಗದ ತಪ್ಪು ಸಹಜ. ಒಂದು ಕ್ಯಾರಟ್ ಎಂದರೆ ಶೇ 4.17. ಆದ್ದರಿಂದ 22 ಮತ್ತು 20 ಕ್ಯಾರಟ್ಟಿನ ವ್ಯತ್ಯಾಸವನ್ನು ಕಲ್ಲು ಧೈರ್ಯವಾಗಿ ಹೇಳಬಲ್ಲದು, 91.6 ಮತ್ತು 90.6ರ ನಡುವಣ ವ್ಯತ್ಯಾಸವನ್ನಲ್ಲ. ‘22ಕ್ಕೆ ಚೂರು ಕಡಿಮೆ’ ಎಂದ ಮೊದಲ ಅಂಗಡಿಯವರು ತಮ್ಮ ಕಲ್ಲಿನ ಮಿತಿಯೊಳಗೇ ಮಾತಾಡಿದ್ದರು.

ಯಂತ್ರ ನೋಡುವುದು

ಎಕ್ಸ್-ರೇ ಯಂತ್ರ ಆಸ್ಪತ್ರೆಯ ಎಕ್ಸ್-ರೇಯಂತೆ ಒಡವೆಯ ಚಿತ್ರ ತೆಗೆಯುವುದಿಲ್ಲ. ಅದರ ಕಿರಣ ಚಿನ್ನದ ಪರಮಾಣುವಿನ ಒಳಸುತ್ತಿನ ಎಲೆಕ್ಟ್ರಾನೊಂದನ್ನು ಹೊರದೂಡುತ್ತದೆ. ಖಾಲಿಯಾದ ಜಾಗಕ್ಕೆ ಹೊರಸುತ್ತಿನ ಎಲೆಕ್ಟ್ರಾನು ಇಳಿಯುವಾಗ ಹೊಸದೊಂದು ಎಕ್ಸ್-ರೇ ಹೊಮ್ಮುತ್ತದೆ. ಅದರ ಶಕ್ತಿ ಚಿನ್ನಕ್ಕೆ ಒಂದು, ತಾಮ್ರಕ್ಕೆ ಇನ್ನೊಂದು, ಬೆಳ್ಳಿಗೆ ಮತ್ತೊಂದು. ಒಂದೊಂದು ಬಗೆಯ ಕಿರಣ ಎಷ್ಟು ಬಂತೆಂದು ಎಣಿಸಿ ಯಂತ್ರ ಶೇಕಡಾವಾರು ಲೆಕ್ಕ ಹಾಕುತ್ತದೆ. ಒಡವೆಯನ್ನು ಕತ್ತರಿಸಬೇಕಿಲ್ಲ, ಕರಗಿಸಬೇಕಿಲ್ಲ; ಒಂದೆರಡು ನಿಮಿಷ ಸಾಕು.

ಎಣಿಕೆಯ ಕೆಲಸವಾದ್ದರಿಂದ ಒಂದೇ ಜಾಗದಲ್ಲಿ ಮತ್ತೆ ಮತ್ತೆ ಅಳೆದರೂ ಅಂಕಿ ಸ್ವಲ್ಪ ಅತ್ತಿತ್ತ ಆಗುತ್ತದೆ. ಸಮಯವನ್ನು ನಾಲ್ಕು ಪಟ್ಟು ಹೆಚ್ಚಿಸಿದರೆ ಈ ಏರುಪೇರು ಅರ್ಧಕ್ಕಿಳಿಯುತ್ತದೆ. ಒಳ್ಳೆಯ ಯಂತ್ರವನ್ನು ಸರಿಯಾಗಿ ಹೊಂದಿಸಿದ್ದರೆ, ಸಮತಟ್ಟಾದ ಚೊಕ್ಕ ತುಂಡಿನಲ್ಲಿ ತಪ್ಪು ಶೇ ಅರ್ಧದೊಳಗೇ ಇರುತ್ತದೆ.

ಹಾಗಿದ್ದರೆ 91.8 ಮತ್ತು 87.5 ಹೇಗೆ ಬಂದವು? ಉತ್ತರ ಎರಡು ಸಂಗತಿಗಳಲ್ಲಿದೆ. ಮೊದಲನೆಯದು, ಜಾಗ. ಯಂತ್ರ ನೋಡುವುದು ಸಾಸಿವೆ ಕಾಳಿನಷ್ಟು ಚಿಕ್ಕ ಚುಕ್ಕೆಯನ್ನು. ಸರದ ಕೊಂಡಿಗಳನ್ನು ಜೋಡಿಸುವ ಬೆಸುಗೆ ಬೇಗ ಕರಗಬೇಕಾದ್ದರಿಂದ ಅದರಲ್ಲಿ ಸಾಮಾನ್ಯವಾಗಿ ಚಿನ್ನ ಕಡಿಮೆ. ಮೂರನೆಯ ಅಂಗಡಿಯವರ ಕಿರಣ ಬಿದ್ದದ್ದು ಬೆಸುಗೆಯ ಹತ್ತಿರ. ಎರಡನೆಯದು, ಆಳ. ಚಿನ್ನ ಭಾರವಾದ ಲೋಹ; ಯಂತ್ರಕ್ಕೆ ಮಾಹಿತಿ ಬರುವುದು ಹೆಚ್ಚೆಂದರೆ ಹತ್ತು ಮೈಕ್ರಾನ್ ಆಸುಪಾಸಿನ ಆಳದಿಂದ. ನಮ್ಮ ತಲೆಗೂದಲಿನ ದಪ್ಪವೇ ಸುಮಾರು 70 ಮೈಕ್ರಾನ್! ಒಡವೆ ಸಿದ್ಧವಾದ ಮೇಲೆ ಹೊಳಪಿಗಾಗಿ ಆಮ್ಲದಲ್ಲಿ ಅದ್ದುವಾಗ ಮೇಲ್ಪದರದ ತಾಮ್ರ ಕರಗಿ, ಅಲ್ಲಿ ಚಿನ್ನದ ಪಾಲು ಹೆಚ್ಚುವುದುಂಟು. ಆಗ ಯಂತ್ರ ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ. ದಪ್ಪ ಲೇಪನವಿದ್ದರಂತೂ ಅದು ನೋಡುವುದು ಲೇಪನವನ್ನೇ. ಒರೆಗಲ್ಲಿಗೂ ಈ ದೋಷವುಂಟು. ಆದ್ದರಿಂದಲೇ ಅನುಭವಿ ಅಕ್ಕಸಾಲಿಗರು ಅರದಿಂದ ಸ್ವಲ್ಪ ಉಜ್ಜಿ, ಒಳಗಿನ ಲೋಹ ಕಂಡ ಮೇಲೆಯೇ ಕಲ್ಲಿಗೆ ಹಚ್ಚುತ್ತಾರೆ.

ಬೆಂಕಿಯ ತೀರ್ಪು

ಸರದ ಸರಾಸರಿ ತಿಳಿಯಬೇಕಾದರೆ ಅದನ್ನು ಪೂರ್ತಿ ಕರಗಿಸಿ, ಚೆನ್ನಾಗಿ ಕಲಕಿ, ಗಟ್ಟಿಯಿಂದ ಚೂರು ತೆಗೆಯಬೇಕು. ಸುಮಾರು ಕಾಲು ಗ್ರಾಂ ಚೂರಿಗೆ ಬೆಳ್ಳಿ ಸೇರಿಸಿ, ಸೀಸದ ಹಾಳೆಯಲ್ಲಿ ಸುತ್ತಿ, ಪುಟ್ಟ ಬಟ್ಟಲಿನಲ್ಲಿಟ್ಟು ಸಾವಿರ ಡಿಗ್ರಿ ಸೆಲ್ಸಿಯಸ್ಸಿಗೂ ಮೀರಿದ ಕುಲುಮೆಯಲ್ಲಿ ಕಾಯಿಸುತ್ತಾರೆ. ಸೀಸ ಉತ್ಕರ್ಷಣಗೊಂಡು ತಾಮ್ರವನ್ನೂ ಎಳೆದುಕೊಂಡು ಬಟ್ಟಲಿನ ರಂಧ್ರಗಳಿಗೆ ಇಂಗುತ್ತದೆ. ಉಳಿದ ಗುಂಡನ್ನು ತಟ್ಟಿ, ತೆಳುವಾಗಿಸಿ, ನೈಟ್ರಿಕ್ ಆಮ್ಲದಲ್ಲಿ ಕುದಿಸಿದರೆ ಬೆಳ್ಳಿ ಕರಗಿಹೋಗುತ್ತದೆ. ಉಳಿಯುವುದು ಚಿನ್ನ. ಅದನ್ನು ತೂಗಿದರೆ ಉತ್ತರ ಸಿಕ್ಕಂತೆ. ಸರಿಯಾಗಿ ಮಾಡಿದರೆ ತಪ್ಪು ಸಾವಿರಕ್ಕೆ ಅರ್ಧ ಭಾಗಕ್ಕಿಂತಲೂ ಕಡಿಮೆ.

ನಮ್ಮ ಉದಾಹರಣೆಯ ಸರ ಇಲ್ಲಿ ಶೇ 90.6 ಬಂತೆನ್ನಿ. ಅಂದರೆ 36.24 ಗ್ರಾಂ ಅಪ್ಪಟ ಚಿನ್ನ. ಬೆಸುಗೆಯ 87.5ರ ಲೆಕ್ಕಕ್ಕೆ ಒಪ್ಪಿದ್ದರೆ 35 ಗ್ರಾಮಿಗೆ ಮಾತ್ರ ಹಣ ಬರುತ್ತಿತ್ತು, ಮನೆಯವರಿಗೆ 1.24 ಗ್ರಾಂ ನಷ್ಟ. 91.8ರ ಲೆಕ್ಕ ಹಿಡಿದಿದ್ದರೆ ಅಂಗಡಿಯವರಿಗೆ 0.48 ಗ್ರಾಂ ನಷ್ಟ. ಯಂತ್ರದ ಅಂಕಿಗಳನ್ನು ಕೂಡಿಸಿ ಭಾಗಿಸಿದರೂ ನಿಜ ಸಿಗುತ್ತಿರಲಿಲ್ಲ, ಏಕೆಂದರೆ ಬೆಸುಗೆ ಇಡೀ ಸರದಲ್ಲಿ ಪುಟ್ಟ ಪಾಲು ಮಾತ್ರ.

ಮಾರುವ ಮುನ್ನ

ಯಂತ್ರದ ಮುಂದೆ ನಿಂತಾಗ, ಪರಿಶುದ್ಧತೆ ಗೊತ್ತಿರುವ ತುಂಡೊಂದನ್ನು ಮೊದಲು ಅಳೆದು ತೋರಿಸುವಂತೆ ಕೇಳಿ. ಅದರಲ್ಲೇ ಅಂಕಿ ತಪ್ಪಿದರೆ ಮುಂದಿನದನ್ನು ನಂಬುವಂತಿಲ್ಲ. ನಂತರ ಸರದ ಮೂರು ನಾಲ್ಕು ಜಾಗದಲ್ಲಿ, ಬೆಸುಗೆ ಬಿಟ್ಟು, ಅಳೆಯಿಸಿ. ಅಂಕಿಗಳು ಹತ್ತಿರ ಹತ್ತಿರ ಬಂದರೆ ಸಮಾಧಾನ. ದೂರ ದೂರ ಬಂದರೆ ಕಾರಣ ಕೇಳಿ. ಕರಗಿಸಿದರೆ ಒಡವೆ ಮತ್ತೆ ಬರುವುದಿಲ್ಲ. ಆದ್ದರಿಂದ ಕರಗಿಸುವ ಮುಂಚೆ, ಕರಗಿಸಿದ ಮೇಲೆ ತೂಕ ನಿಮ್ಮೆದುರೇ ಆಗಲಿ, ದರದ ಮಾತೂ ಮೊದಲೇ ಮುಗಿದಿರಲಿ.

ಹೊಸ ಒಡವೆ ಕೊಳ್ಳುವವರಿಗೆ ಇಷ್ಟು ತೊಂದರೆಯಿಲ್ಲ. ಹಾಲ್‌ಮಾರ್ಕ್ ಕಡ್ಡಾಯ 2021ರ ಜೂನ್‌ನಲ್ಲಿ ಹಂತಹಂತವಾಗಿ ಆರಂಭವಾಯಿತು. ಈಗ ಒಡವೆಯ ಮೇಲೆ ಬಿಐಎಸ್ ಮುದ್ರೆ, 22 ಕ್ಯಾರಟ್ ಎಂಬುದಕ್ಕೆ ‘22ಕೆ916’, ಆರು ಅಕ್ಷರ-ಅಂಕಿಗಳ ಗುರುತು ಸಂಖ್ಯೆ ಇರುತ್ತವೆ. ಆ ಸಂಖ್ಯೆಯನ್ನು ‘ಬಿಐಎಸ್ ಕೇರ್’ ಆ್ಯಪ್‌ನಲ್ಲಿ ಹಾಕಿ ನೋಡಬಹುದು. ಹಳೆಯ ಸರಕ್ಕೆ ಮಾತ್ರ ಈ ಅನುಕೂಲವಿಲ್ಲ. ಯಂತ್ರದ ಪರದೆಯ ಮೇಲೆ ಅಂಕಿ ಮೂಡಿದಾಗ ಎರಡು ಪ್ರಶ್ನೆ ಕೇಳಲು ಮರೆಯಬೇಡಿ: ‘ಇದನ್ನು ಎಲ್ಲಿ ಅಳೆದಿರಿ? ಎಷ್ಟು ಹೆಚ್ಚುಕಡಿಮೆ ಆಗಬಹುದು?’