ಚೌಕ ತಪ್ಪಿದ ಓಟಗಾರ

ಮೊಬೈಲ್ ಆಟದಲ್ಲಿ ಓಡುವ ಪುಟ್ಟ ಹುಡುಗನ ಓಟವೆಂದರೆ ಒಂದರ ಹಿಂದೊಂದು ತೋರಿಸುವ ಎಂಟು ಚಿತ್ರಗಳು, ಅಂದರೆ ಎಂಟು ಫ್ರೇಮ್‌ಗಳು. ಸಾಮಾನ್ಯವಾಗಿ ಇವು ಒಂದೇ ದೊಡ್ಡ ಚಿತ್ರದಲ್ಲಿ ಸಾಲಾಗಿ ಕೂತಿರುತ್ತವೆ. ಆ ಚಿತ್ರವೇ ಸ್ಪ್ರೈಟ್ ಶೀಟ್. ಒಂದೊಂದು ಫ್ರೇಮ್ ಎಲ್ಲಿ ಶುರುವಾಗುತ್ತದೆ, ಎಲ್ಲಿ ಮುಗಿಯುತ್ತದೆ ಎಂದು ಆಟದ ಎಂಜಿನ್‌ಗೆ ನಾವೇ ಹೇಳಬೇಕು.

ನಮ್ಮ ಶೀಟ್ 272 ಪಿಕ್ಸೆಲ್ ಅಗಲ, 136 ಪಿಕ್ಸೆಲ್ ಎತ್ತರ ಇದೆ ಎನ್ನೋಣ. ಹುಡುಗ ನಾಲ್ಕು ದಿಕ್ಕಿಗೂ ಓಡುವುದರಿಂದ ನಾಲ್ಕು ಸಾಲು, ಸಾಲಿಗೆ ಎಂಟು ಫ್ರೇಮ್. ಪ್ರತಿ ಫ್ರೇಮ್ 32ಕ್ಕೆ 32 ಪಿಕ್ಸೆಲ್. ಕತ್ತರಿಸುವ ಮೊದಲು ಒಂದು ಭಾಗಾಕಾರ ಮಾಡಿ ನೋಡಬೇಕು: 272ನ್ನು 32ರಿಂದ ಭಾಗಿಸಿದರೆ ಎಂಟೂವರೆ ಬರುತ್ತದೆ. ಅರ್ಧ ಫ್ರೇಮ್ ಇರಲಾರದು. ಹಾಗಾದರೆ ಉಳಿದ 16 ಪಿಕ್ಸೆಲ್ ಎಲ್ಲಿ ಹೋಯಿತು?

ಶೀಟನ್ನು ದೊಡ್ಡದು ಮಾಡಿ ನೋಡಿದರೆ ಉತ್ತರ ಕಣ್ಣಿಗೇ ಬೀಳುತ್ತದೆ. ಸುತ್ತಲೂ ಒಂದು ಪಿಕ್ಸೆಲ್ ಅಂಚು ಬಿಟ್ಟಿದ್ದಾರೆ. ಫ್ರೇಮ್‌ಗಳ ನಡುವಿನ ಏಳು ಸಂದುಗಳಲ್ಲಿ ಎರಡೆರಡು ಪಿಕ್ಸೆಲ್ ಖಾಲಿ ಇದೆ. ಅಂಚಿಗೆ 2, ಸಂದಿಗೆ 14, ಲೆಕ್ಕ ಸರಿಹೋಯಿತು. ಈ ಖಾಲಿ ಜಾಗ ವ್ಯರ್ಥವಲ್ಲ. ಚಿತ್ರವನ್ನು ಹಿಗ್ಗಿಸಿ ತೋರಿಸುವಾಗ ಅಕ್ಕಪಕ್ಕದ ಪಿಕ್ಸೆಲ್‌ಗಳ ಬಣ್ಣ ಬೆರೆಯುವುದುಂಟು. ಸಂದು ಇಲ್ಲದಿದ್ದರೆ ಪಕ್ಕದ ಫ್ರೇಮಿನ ಬಣ್ಣ ಅಂಚಿನಲ್ಲಿ ಗೆರೆಯಾಗಿ ಇಣುಕುತ್ತದೆ.

ಮೊದಲ ಫ್ರೇಮಿಗೆ ಮುಂಚೆ ಬಿಡಬೇಕಾದ ದೂರವೇ ಆಫ್‌ಸೆಟ್; ಇಲ್ಲಿ ಅದು 1. ಒಂದು ಫ್ರೇಮಿನಿಂದ ಮುಂದಿನದಕ್ಕೆ ಹೆಜ್ಜೆ 32 ಅಲ್ಲ, 34. ಕಂಬಸಾಲು c, ಅಡ್ಡಸಾಲು r ಎರಡನ್ನೂ ಸೊನ್ನೆಯಿಂದ ಎಣಿಸಿದರೆ:

```
x = 1 + c * 34
y = 1 + r * 34
```

ಎಂಟನೆಯ ಫ್ರೇಮಿನ c ಬೆಲೆ 7, ಆದ್ದರಿಂದ ಅದು 239ರಲ್ಲಿ ಶುರು. 32 ಕೂಡಿದರೆ 271. ಬಲಗಡೆ ಉಳಿಯುವುದು ಅಂಚಿನ ಒಂದೇ ಪಿಕ್ಸೆಲ್. ನಾನಂತೂ ಯಾವಾಗಲೂ ಈ ಕೊನೆಯ ಫ್ರೇಮನ್ನೇ ಮೊದಲು ಪರೀಕ್ಷಿಸುತ್ತೇನೆ, ಏಕೆಂದರೆ ಸಂದಿನ ತಪ್ಪು ಅಲ್ಲಿ ಅತಿ ದೊಡ್ಡದಾಗಿ ಕಾಣುತ್ತದೆ.

ಯಾವ ಅಂಕಿ ತಪ್ಪಿದೆ ಎಂಬುದನ್ನು ಓಟವೇ ಹೇಳುತ್ತದೆ. ಆಫ್‌ಸೆಟ್ ಮಾತ್ರ ತಪ್ಪಿದ್ದರೆ ಎಲ್ಲ ಫ್ರೇಮ್‌ಗಳೂ ಒಂದೇ ಅಳತೆಯಲ್ಲಿ ಸರಿದಿರುತ್ತವೆ. ಹುಡುಗ ನಡುಗದೆ ಓಡುತ್ತಾನೆ, ಆದರೆ ಚೌಕದ ನಡುವಿನಿಂದ ತುಸು ಆಚೆ ಇರುತ್ತಾನೆ. ಸಂದನ್ನು ಮರೆತಿದ್ದರೆ ತಪ್ಪು ಫ್ರೇಮಿಗೆ ಎರಡು ಪಿಕ್ಸೆಲ್‌ನಂತೆ ಬೆಳೆದು ಎಂಟನೆಯದರಲ್ಲಿ 14 ಆಗುತ್ತದೆ. ಆಗ ಹುಡುಗ ಬಲಕ್ಕೆ ಜಾರುತ್ತಾ ಹೋಗಿ, ಓಟ ಮತ್ತೆ ಶುರುವಾದಾಗ ತಟ್ಟನೆ ಎಡಕ್ಕೆ ನೆಗೆಯುತ್ತಾನೆ.

ಯೂನಿಟಿಯಲ್ಲಿ ಈ ಸಂದಿಗೆ Padding ಎಂದೂ ಗೊಡೋದಲ್ಲಿ Separation ಎಂದೂ ಹೆಸರು. Offset ಎರಡರಲ್ಲೂ ಇದೆ. ಆದರೆ ಜಾಗ ಉಳಿಸಲು ಬೇರೆ ಬೇರೆ ಅಳತೆಯ ಚಿತ್ರಗಳನ್ನು ಒತ್ತೊತ್ತಾಗಿ ತುಂಬಿದ ಶೀಟಿಗೆ ಈ ಲೆಕ್ಕ ಹೊಂದುವುದಿಲ್ಲ. ಅಂಥದ್ದರ ಜೊತೆಗೆ ಪ್ರತಿ ಚಿತ್ರದ ಜಾಗ ಬರೆದಿಟ್ಟ ಫೈಲೊಂದು ಬರುತ್ತದೆ. ಕತ್ತರಿಸಲು ಅದನ್ನೇ ಬಳಸಬೇಕು.